ನಿಫ್ಟಿ ಏರಿದರೂ ಕಾಲ್ ಇಳಿದದ್ದು ಯಾಕೆ? ಥೀಟಾ, ವೇಗಾ ಹಿಡಿದು ಲೆಕ್ಕ ಹಾಕುವ ಕ್ರಮ

ಬಜೆಟ್ ದಿನ ಸಂಜೆ ಹಾಸನದಿಂದ ಭಾವ ಫೋನ್ ಮಾಡಿದರು. "ಅಲ್ಲ ಕಣಯ್ಯ, ನಿಫ್ಟಿ 120 ಪಾಯಿಂಟ್ ಮೇಲೆ ಹೋಗಿದೆ. ನಾನು ತಗೊಂಡಿದ್ದೂ ಕಾಲೇ. 285ಕ್ಕೆ ತಗೊಂಡಿದ್ದು ಈಗ 239 ತೋರಿಸ್ತಿದೆ. ಆಪ್ ಏನಾದ್ರೂ ಕೆಟ್ಟಿದೆಯಾ?"

"ಆಪ್ ಸರಿಯಾಗೇ ಇದೆ ಭಾವ. ನೀವು ತಗೊಂಡ ದಿನವೇ ಈ 239 ಹತ್ತಿರ ಹತ್ತಿರ ಲೆಕ್ಕಕ್ಕೆ ಸಿಗ್ತಿತ್ತು" ಅಂದೆ. ಅವರು ನಂಬಲಿಲ್ಲ. ಆಮೇಲೆ ಒಂದು ಹಾಳೆ ತೆಗೆದುಕೊಂಡು ಇಬ್ಬರೂ ಫೋನಿನಲ್ಲೇ ಲೆಕ್ಕ ಹಾಕಿದೆವು. ಅದೇ ಲೆಕ್ಕವನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಸಂಖ್ಯೆಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ, ಅಷ್ಟೆ.

ಡೆಲ್ಟಾ ಅಂದರೇನು, ಸ್ಟ್ರೈಕ್ ಅಂದರೇನು ಅನ್ನುವುದು ನಿಮಗೆ ಗೊತ್ತಿದೆ ಅಂದುಕೊಂಡು ಮುಂದೆ ಹೋಗುತ್ತೇನೆ. ಥೀಟಾ ಎಂದರೆ ಬೇರೇನೂ ಬದಲಾಗದೆ ಒಂದು ದಿನ ಕಳೆದರೆ ಪ್ರೀಮಿಯಂನಲ್ಲಿ ಎಷ್ಟು ಕರಗುತ್ತದೆ ಎಂಬ ಸಂಖ್ಯೆ. ಐವಿ ಎಂದರೆ ಮುಂದೆ ಎಷ್ಟು ಅಲುಗಾಟ ಇರಬಹುದು ಅಂತ ಆಪ್ಶನ್‌ನ ಬೆಲೆಯಲ್ಲಿ ಅಡಗಿರುವ ಅಂದಾಜು, ವರ್ಷದ ಶೇಕಡಾ ಲೆಕ್ಕದಲ್ಲಿ. ವೇಗಾ ಎಂದರೆ ಆ ಐವಿ ಒಂದು ಪಾಯಿಂಟ್ ಬದಲಾದರೆ, ಅಂದರೆ 18 ಇದ್ದದ್ದು 17 ಆದರೆ, ಪ್ರೀಮಿಯಂ ಎಷ್ಟು ಬದಲಾಗುತ್ತದೆ ಎಂಬ ಸಂಖ್ಯೆ. ಎರಡೂ ಈ ಕ್ಷಣದ ಸಂಖ್ಯೆಗಳು. ನಾಳೆ ಎರಡೂ ಬೇರೆಯಾಗಿರುತ್ತವೆ. ಲೆಕ್ಕ ತಪ್ಪುವುದು ಹೆಚ್ಚಾಗಿ ಅಲ್ಲೇ.

ಹಂತ 1: ಹಾಳೆಯ ಮೇಲೆ ಬರೆದುಕೊಳ್ಳಿ

ಭಾವ ಕೊಂಡದ್ದು ಸೋಮವಾರ ಸಂಜೆ. ಎಕ್ಸ್‌ಪೈರಿ ಮುಂದಿನ ವಾರದ ಗುರುವಾರ, ಅಂದರೆ 10 ದಿನ ಬಾಕಿ. (ನಿಫ್ಟಿ ಎಕ್ಸ್‌ಪೈರಿ ಗುರುವಾರ ಇದ್ದ ಕಾಲದ ಮಾತು ಇದು. ಈಗ ಅದು ಮಂಗಳವಾರ.) ಬಜೆಟ್ ಇದ್ದದ್ದು ಅದೇ ವಾರದ ಗುರುವಾರ. ಆ ಸೋಮವಾರದ ಸಂಖ್ಯೆಗಳು ಹೀಗಿದ್ದವು:

ನಿಫ್ಟಿ 24,000
ಕಾಲ್ ಸ್ಟ್ರೈಕ್ 24,000
ಪ್ರೀಮಿಯಂ 285
ಐವಿ 18
ಥೀಟಾ −14.3
ವೇಗಾ 15.85
ಡೆಲ್ಟಾ 0.51

ಇಲ್ಲಿ ಒಂದು ಎಚ್ಚರ. ಐವಿಯನ್ನು ನಿಮ್ಮ ಸ್ಟ್ರೈಕ್‌ನ ಸಾಲಿನಿಂದಲೇ ತೆಗೆದುಕೊಳ್ಳಿ, ಇಂಡಿಯಾ ವಿಕ್ಸ್‌ನಿಂದ ಬೇಡ. ವಿಕ್ಸ್ ನಿಫ್ಟಿಯ ಮುಂದಿನ 30 ದಿನಗಳ ಅಲುಗಾಟದ ಅಂದಾಜು. ನಿಮ್ಮ ಆಪ್ಶನ್‌ಗೆ ಇರುವುದು 10 ದಿನ. ದೊಡ್ಡ ಸುದ್ದಿ ಹತ್ತಿರ ಇದ್ದಾಗ ಹತ್ತಿರದ ಎಕ್ಸ್‌ಪೈರಿಯ ಐವಿ ವಿಕ್ಸ್‌ಗಿಂತ ಜಾಸ್ತಿ ಉಬ್ಬಿರುತ್ತದೆ, ಇಳಿಯುವಾಗಲೂ ಜಾಸ್ತಿ ಇಳಿಯುತ್ತದೆ.

ಹಂತ 2: ಆ ಥೀಟಾ ಯಾವ ಅಳತೆಯದು ಅಂತ ಪರೀಕ್ಷಿಸಿ

ನಾನು ಇದರಲ್ಲಿ ಒಮ್ಮೆ ಚೆನ್ನಾಗಿ ಮುಗ್ಗರಿಸಿದ್ದೇನೆ. ಒಂದು ಆಪ್‌ನಲ್ಲಿ ಕಂಡ ಥೀಟಾವನ್ನು ದಿನಕ್ಕೆ ಇಷ್ಟು ಅಂದುಕೊಂಡು ಶನಿವಾರ, ಭಾನುವಾರ ಎರಡನ್ನೂ ಸೇರಿಸಿ ಗುಣಿಸಿದೆ. ಆ ಆಪ್ ಕೊಡುತ್ತಿದ್ದದ್ದು ಮಾರುಕಟ್ಟೆ ತೆರೆದಿರುವ ದಿನದ ಲೆಕ್ಕ. ನನ್ನ ಅಂದಾಜು ಪೂರ್ತಿ ಹಳ್ಳ ಹಿಡಿಯಿತು. ಕೆಲವು ಕಡೆ ಥೀಟಾ ಒಂದು ಯೂನಿಟ್‌ಗೆ ಇರುತ್ತದೆ, ಕೆಲವು ಕಡೆ ಲಾಟ್‌ನ ಗಾತ್ರದಿಂದ ಗುಣಿಸಿ ತೋರಿಸುತ್ತಾರೆ. ಸಹಾಯ ಪುಟ ಹುಡುಕುವುದಕ್ಕಿಂತ ಒಂದು ಗುಣಾಕಾರ ಮಾಡುವುದು ಸುಲಭ:

```
theta = vega * IV / (2 * days)
```

ನಮ್ಮ ಸಂಖ್ಯೆ ಹಾಕಿ ನೋಡೋಣ. 15.85 × 18 = 285.3. ಅದನ್ನು 20ರಿಂದ ಭಾಗಿಸಿದರೆ 14.27. ಆಪ್ ತೋರಿಸಿದ್ದು 14.3. ಹಾಗಾದರೆ ಇದು ಕ್ಯಾಲೆಂಡರ್ ದಿನದ ಥೀಟಾ, ಒಂದು ಯೂನಿಟ್‌ಗೆ. ಅದೇ ಆಪ್ 17.8 ತೋರಿಸಿದ್ದರೆ? ಸೋಮವಾರ ಸಂಜೆಯಿಂದ ಎಕ್ಸ್‌ಪೈರಿವರೆಗೆ ಮಾರುಕಟ್ಟೆ ತೆರೆದಿರುವುದು 8 ದಿನ. 285.3ನ್ನು 16ರಿಂದ ಭಾಗಿಸಿದರೆ 17.8. ಆಗ ಅದು ವಹಿವಾಟಿನ ದಿನದ ಥೀಟಾ ಅಂತ ಗೊತ್ತಾಗುತ್ತದೆ. ಸಾವಿರದ ಲೆಕ್ಕದಲ್ಲಿ ಕಂಡರೆ ಲಾಟ್‌ನಿಂದ ಗುಣಿಸಿದ್ದಾರೆ.

ಈ ಸೂತ್ರ ನಾನು ಹೊಂದಿಸಿಕೊಂಡ ಅಡ್ಡದಾರಿ ಅಲ್ಲ. ಬಡ್ಡಿಯನ್ನು ಬದಿಗಿಟ್ಟರೆ ಬ್ಲ್ಯಾಕ್-ಶೋಲ್ಸ್ ಲೆಕ್ಕದಲ್ಲಿ ಯಾವ ಸ್ಟ್ರೈಕ್‌ಗಾದರೂ ಇದು ಹಾಗೇ ಕೂಡುತ್ತದೆ. ಬಡ್ಡಿ ಸೇರಿಸುವ ಆಪ್‌ಗಳಲ್ಲಿ ಕಾಲ್‌ನ ಥೀಟಾ ಒಂದೆರಡು ಪಾಯಿಂಟ್ ಜಾಸ್ತಿ, ಪುಟ್‌ನದು ಅಷ್ಟೇ ಕಡಿಮೆ ಕಾಣುತ್ತದೆ. ಆಗ ನಿಫ್ಟಿ ಇರುವ ಮಟ್ಟದ ಸ್ಟ್ರೈಕ್‌ನಲ್ಲಿ ಕಾಲ್, ಪುಟ್ ಎರಡರ ಥೀಟಾ ಸರಾಸರಿ ತೆಗೆದು ಹೋಲಿಸಿ.

ಹಂತ 3: ಒಂದು ದಿನ ಎಂದರೆ ಎಷ್ಟು ಐವಿ?

ಥೀಟಾ, ವೇಗಾ ಎರಡನ್ನೂ ಬೇರೆ ಬೇರೆ ನೋಡುತ್ತಿದ್ದರೆ ಯಾವುದು ದೊಡ್ಡ ಶತ್ರು ಅನ್ನುವುದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಥೀಟಾವನ್ನು ವೇಗಾದಿಂದ ಭಾಗಿಸಿ. 14.27 ÷ 15.85 = 0.9.

ಅಂದರೆ ಒಂದು ದಿನ ಕಳೆಯುವುದೂ ಐವಿ 0.9 ಪಾಯಿಂಟ್ ಇಳಿಯುವುದೂ ಈ ಕಾಲ್‌ಗೆ ಒಂದೇ. ಆ ಒಂದು ದಿನದಲ್ಲಿ ಐವಿ 0.9 ಪಾಯಿಂಟ್ ಏರಿದರೆ ಪ್ರೀಮಿಯಂ ಹೆಚ್ಚು ಕಡಿಮೆ ಕರಗುವುದೇ ಇಲ್ಲ. ಬಜೆಟ್ ಮುಗಿದ ಮೇಲೆ ಐವಿ 5 ಪಾಯಿಂಟ್ ಇಳಿಯುತ್ತದೆ ಅಂದರೆ ಐದಾರು ದಿನ ಒಂದೇ ಬೆಳಗ್ಗೆ ಕಳೆದ ಹಾಗೆ.

ಎಕ್ಸ್‌ಪೈರಿಗೆ 30 ದಿನ ಇದ್ದಾಗ ಈ ಸಂಖ್ಯೆ 0.3 ಆಗುತ್ತದೆ. ಅಲ್ಲಿ ದಿನಗಳ ಪೆಟ್ಟು ಸಣ್ಣದು, ಐವಿಯ ಪೆಟ್ಟು ದೊಡ್ಡದು. 3 ದಿನ ಬಾಕಿ ಇದ್ದಾಗ 3 ಆಗುತ್ತದೆ. ಅಲ್ಲಿ ಐವಿ ಬಗ್ಗೆ ತಲೆ ಕೆಡಿಸಿಕೊಂಡು ಜಾಸ್ತಿ ಪ್ರಯೋಜನ ಇಲ್ಲ, ಗಡಿಯಾರವೇ ಯಜಮಾನ.

ಹಂತ 4: ಎರಡನ್ನೂ ಕಳೆಯಿರಿ, ಆದರೆ ಸರಿಯಾದ ಕ್ರಮದಲ್ಲಿ

ಸೋಮವಾರದಿಂದ ಗುರುವಾರ ಸಂಜೆಗೆ 3 ದಿನ. ಐವಿ 18ರಿಂದ 13ಕ್ಕೆ ಇಳಿಯುತ್ತದೆ ಅಂತ ಇಟ್ಟುಕೊಳ್ಳೋಣ. 13 ಎಲ್ಲಿಂದ ಬಂತು ಅಂತ ಆಮೇಲೆ ನೋಡೋಣ. ಎಲ್ಲರೂ ಮೊದಲು ಮಾಡುವ ಲೆಕ್ಕ ಇದು: 3 × 14.3 = 43, ಐವಿಗೆ 5 × 15.85 = 79. ಒಟ್ಟು 122. ಹಾಗಾಗಿ 285 − 122 = 163.

ನಿಜವಾದ ಲೆಕ್ಕ, ಅಂದರೆ ಪೂರ್ತಿ ಸೂತ್ರದಲ್ಲಿ ಹಾಕಿದರೆ ಬರುವುದು 172. ಸುಮ್ನೆ 9 ಪಾಯಿಂಟ್ ಎಲ್ಲಿಗೆ ಹೋಯಿತು?

ಎರಡು ತಪ್ಪು ಇದೆ, ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ. ಮೊದಲನೆಯದು, ಥೀಟಾ ಮೂರೂ ದಿನ 14.3ರಲ್ಲೇ ನಿಲ್ಲುವುದಿಲ್ಲ. ಐವಿ ಅಷ್ಟೇ ಇದ್ದರೆ, ನಿಫ್ಟಿ ಮಟ್ಟದ ಸ್ಟ್ರೈಕ್‌ನಲ್ಲಿ ಅದು ದಿನೇ ದಿನೇ ಬೆಳೆಯುತ್ತದೆ. ಹಾಗಾಗಿ ದಿನಗಳ ಕರಗುವಿಕೆಯನ್ನು ಕಡಿಮೆ ಅಂದಾಜು ಮಾಡಿದೆವು. ಎರಡನೆಯದು ದೊಡ್ಡದು. ಐವಿ ಇಳಿಯುವ ಹೊತ್ತಿಗೆ ಬಾಕಿ ಇರುವುದು 7 ದಿನ. 7 ದಿನದ ಆಪ್ಶನ್‌ಗೆ ವೇಗಾ 15.85 ಇರುವುದಿಲ್ಲ. ದಿನ ಕಳೆದ ಹಾಗೆ ವೇಗಾವೂ ಸಣ್ಣದಾಗುತ್ತದೆ, ದಿನಗಳ ವರ್ಗಮೂಲದ ಲೆಕ್ಕದಲ್ಲಿ.

ಅದಕ್ಕೆ ಕ್ರಮ ಹೀಗಿರಲಿ. ಮೊದಲು ದಿನಗಳನ್ನು ಕಳೆಯಿರಿ. ಆಮೇಲೆ, ಉಳಿದ ದಿನಗಳಿಗೆ ಸರಿಯಾದ ಹೊಸ ವೇಗಾ ಹಿಡಿದು ಐವಿಯನ್ನು ಕಳೆಯಿರಿ. ಸ್ಪ್ರೆಡ್‌ಶೀಟ್‌ನಲ್ಲಿ ಮೂರು ಸಾಲು ಸಾಕು:

```
vega2  = vega * SQRT(7/10)
theta2 = vega2 * 18 / (2*7)
change = -3*(theta+theta2)/2 - 5*vega2
```

ಇಲ್ಲಿ theta ಅನ್ನು ಋಣಚಿಹ್ನೆ ಇಲ್ಲದೆ 14.27 ಎಂದೇ ಹಾಕಬೇಕು. ಹೊಸ ವೇಗಾ 13.26 ಬರುತ್ತದೆ. ಹೊಸ ಥೀಟಾ 17.05. ಹಳೆಯ, ಹೊಸ ಥೀಟಾಗಳ ಸರಾಸರಿ 15.66, ಮೂರು ದಿನಕ್ಕೆ 47. ಐವಿಗೆ 5 × 13.26 = 66. ಒಟ್ಟು 113. ಹಾಗಾಗಿ 285 − 113 = 172. ಪೂರ್ತಿ ಸೂತ್ರದ ಉತ್ತರವೂ ಅದೇ.

ಹಂತ 5: ಐವಿ ಎಲ್ಲಿಗೆ ಇಳಿಯುತ್ತದೆ ಅಂತ ಹೇಗೆ ಗೊತ್ತು?

ನಿಖರವಾಗಿ ಯಾರಿಗೂ ಗೊತ್ತಿರುವುದಿಲ್ಲ. ಆದರೆ ಗಾಳಿಯಲ್ಲಿ ಗುಂಡು ಹೊಡೆಯಬೇಕಾಗಿಲ್ಲ. ಬಜೆಟ್‌ನ ಬಿಸಿ ತಟ್ಟುವ ಮೊದಲು, ಎರಡು ಮೂರು ವಾರದ ಹಿಂದೆ, ಇಷ್ಟೇ ದಿನ ಬಾಕಿ ಇದ್ದ ನಿಫ್ಟಿ ಆಪ್ಶನ್‌ಗಳ ಐವಿ ಎಷ್ಟಿತ್ತು ನೋಡಿ. ನಮ್ಮ ಉದಾಹರಣೆಯಲ್ಲಿ 13. ಅದನ್ನು ಸಾಧಾರಣ ದಿನದ ಐವಿ ಅಂತ ಹಿಡಿಯಿರಿ.

ಈಗ 10 ದಿನದ ಆಪ್ಶನ್‌ನ ಐವಿ 18 ಯಾಕಿದೆ ಅಂತ ಬಿಡಿಸಿ ನೋಡೋಣ. ಐವಿಗಳನ್ನು ನೇರವಾಗಿ ಕೂಡಿಸುವ ಹಾಗಿಲ್ಲ, ಅವುಗಳ ವರ್ಗವನ್ನು ಕೂಡಿಸಬೇಕು. 18ರ ವರ್ಗ 324, ಅದು 10 ದಿನಕ್ಕೆ 3,240. ಇದರಲ್ಲಿ 9 ಸಾಧಾರಣ ದಿನಗಳ ಪಾಲು 169 × 9 = 1,521. ಉಳಿದ 1,719 ಪೂರ್ತಿ ಬಜೆಟ್ ದಿನ ಒಂದರ ಪಾಲು. ಅರ್ಧಕ್ಕಿಂತ ಜಾಸ್ತಿ ಒಂದೇ ದಿನದಲ್ಲಿ ಕೂತಿದೆ! ಆ 1,719ರ ವರ್ಗಮೂಲ ಸುಮಾರು 41.5. ಅದನ್ನು 365ರ ವರ್ಗಮೂಲದಿಂದ, ಅಂದರೆ 19.1ರಿಂದ ಭಾಗಿಸಿದರೆ ಶೇ 2.17. ನಿಫ್ಟಿಯಲ್ಲಿ ಸುಮಾರು 520 ಪಾಯಿಂಟ್.

ಇದು ಮಾರುಕಟ್ಟೆ ಆ ಒಂದು ದಿನಕ್ಕೆ ಕಟ್ಟಿದ ಬೆಲೆ. ಭಾವ 500ರ ಆಸುಪಾಸಿನ ಅಲುಗಾಟಕ್ಕೆ ದುಡ್ಡು ಕೊಟ್ಟಿದ್ದರು. ಅವರಿಗೆ ಸಿಕ್ಕಿದ್ದು 120.

ಇದೇ ಲೆಕ್ಕ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಸೋಮವಾರದಿಂದ ಬುಧವಾರದವರೆಗೆ ಕಳೆಯುವುದು ಎರಡು ಸಾಧಾರಣ ದಿನ. ಬಜೆಟ್ ದಿನ ಹಾಗೇ ಬಾಕಿ ಇರುತ್ತದೆ. ಬುಧವಾರ ಸಂಜೆ ಉಳಿಯುವ 8 ದಿನದಲ್ಲಿ 7 ಸಾಧಾರಣ: 169 × 7 + 1,719 = 2,902. 8ರಿಂದ ಭಾಗಿಸಿ ವರ್ಗಮೂಲ ತೆಗೆದರೆ 19.05. ಅಂದರೆ ಏನೂ ನಡೆಯದೆಯೇ ಐವಿ 18ರಿಂದ 19 ಆಗುತ್ತದೆ. ಆ ಐವಿಯಲ್ಲಿ ಪ್ರೀಮಿಯಂ ಸುಮಾರು 270. ಥೀಟಾ ಎರಡು ದಿನಕ್ಕೆ 29 ಕರಗುತ್ತದೆ ಅಂತ ಹೆದರಿಸಿತ್ತು, ಕರಗಿದ್ದು 15.

"ಹೌದು ಕಣೋ, ಬುಧವಾರ ರಾತ್ರಿ ನಾನು ಥೀಟಾ ಅಂದ್ರೆ ಇಷ್ಟೇನಾ ಅಂತ ನಕ್ಕಿದ್ದೆ" ಅಂದರು ಭಾವ.

ಗುರುವಾರ ಸಂಜೆ ಆ ದೊಡ್ಡ ದಿನ ಕಳೆದು, ಉಳಿದದ್ದು 7 ಸಾಧಾರಣ ದಿನ. ನಿಫ್ಟಿ ಅಲುಗದೇ ಇದ್ದಿದ್ದರೆ 270ರಿಂದ ನೇರ 172. ಮೂರು ದಿನದ ಕರಗುವಿಕೆ ಸಮನಾಗಿ ಹಂಚಿಕೆಯಾಗುವುದಿಲ್ಲ, ಕೊನೆಯ ದಿನ ಒಟ್ಟಿಗೆ ಬೀಳುತ್ತದೆ. ಹಾಗಾಗಿ ಬಜೆಟ್, ಚುನಾವಣಾ ಫಲಿತಾಂಶ, ಕಂಪನಿಗಳ ತ್ರೈಮಾಸಿಕ ಫಲಿತಾಂಶದಂಥ ದಿನ ಮಧ್ಯೆ ಇದ್ದಾಗ ಪರದೆಯ ಥೀಟಾವನ್ನು ಒಂಟಿಯಾಗಿ ನಂಬಬೇಡಿ. ಥೀಟಾ ಕರಗಿಸುವುದರಲ್ಲಿ ಸ್ವಲ್ಪವನ್ನು ಏರುವ ಐವಿ ವಾಪಸ್ ಕೊಡುತ್ತಿರುತ್ತದೆ, ಆ ದಿನ ಬರುವವರೆಗೆ.

ಶನಿವಾರ, ಭಾನುವಾರದ್ದೂ ಇದೇ ಕಥೆ, ಉಲ್ಟಾ ರೀತಿಯಲ್ಲಿ. ರಜಾ ದಿನದಲ್ಲಿ ಅಲುಗಾಟ ಕಡಿಮೆ ಅಂತ ಮಾರುಕಟ್ಟೆಗೆ ಗೊತ್ತು. ಅದಕ್ಕೆ ಕ್ಯಾಲೆಂಡರ್ ಥೀಟಾ ಪ್ರಕಾರ ಮೂರು ದಿನದ ಕರಗುವಿಕೆ ಸೋಮವಾರ ಬೆಳಗ್ಗೆ ಪೂರ್ತಿ ಕಾಣುವುದಿಲ್ಲ. ಕಾಣದೇ ಉಳಿದಷ್ಟು ಕರಗುವಿಕೆ ಐವಿ ಏರಿದ ಹಾಗೆ ಪರದೆಯಲ್ಲಿ ತೋರುತ್ತದೆ.

13 ಒಂದನ್ನೇ ನೆಚ್ಚಿಕೊಳ್ಳದೆ ಆಚೀಚೆಯೂ ನೋಡಿ. ಹೊಸ ವೇಗಾ 13.26 ಅಂತ ಗೊತ್ತಿರುವುದರಿಂದ ಇದು ಬಾಯಿಲೆಕ್ಕ. ಐವಿ 15ರಲ್ಲೇ ನಿಂತರೆ ಪ್ರೀಮಿಯಂ 199. 12ಕ್ಕೆ ಹೋದರೆ 159.

ಹಂತ 6: ನಿಫ್ಟಿಯ ಚಲನೆಯನ್ನು ಕೊನೆಗೆ ಸೇರಿಸಿ

ದಿನ, ಐವಿ ಎರಡನ್ನೂ ಕಳೆದ ಮೇಲೆ 172ರಲ್ಲಿ ನಿಂತಿದ್ದೇವೆ. ನಿಫ್ಟಿ 120 ಏರಿದೆ. ಡೆಲ್ಟಾ ಅರ್ಧದಷ್ಟು, ಹಾಗಾಗಿ 60. ಏರುತ್ತಾ ಹೋದ ಹಾಗೆ ಡೆಲ್ಟಾವೂ ಬೆಳೆಯುವುದರಿಂದ ಗ್ಯಾಮಾದ ಕಡೆಯಿಂದ ಇನ್ನೊಂದು 7. ಒಟ್ಟು 67. 172 + 67 = 239. ಭಾವನ ಪರದೆಯಲ್ಲಿ ಇದ್ದದ್ದೂ ಅದೇ.

ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಇದು: ಗುರುವಾರ ಸಂಜೆ ಹಾಕಿದ ದುಡ್ಡು ವಾಪಸ್ ಬರಬೇಕಾದರೆ ನಿಫ್ಟಿ ಎಷ್ಟು ಏರಬೇಕು? 172ರಿಂದ 285ಕ್ಕೆ 113 ಬೇಕು. ಡೆಲ್ಟಾ, ಗ್ಯಾಮಾ ಹಾಕಿ ನೋಡಿದರೆ ಸುಮಾರು 190 ಪಾಯಿಂಟ್. ನಿಫ್ಟಿ 24,190 ಮುಟ್ಟಿದರೆ ಅಸಲು, ಅದಕ್ಕೆ ಮೇಲೆ ಹೋದದ್ದು ಮಾತ್ರ ಲಾಭ. ದಿಕ್ಕು ಸರಿ ಇದ್ದರೂ ದೂರ ಸಾಲಲಿಲ್ಲ.

ಇನ್ನೊಂದು ಮಾತು. ಐವಿಯನ್ನೂ ನಿಫ್ಟಿಯ ಚಲನೆಯನ್ನೂ ನಿಮಗೆ ಬೇಕಾದ ಹಾಗೆ ಜೋಡಿಸಿಕೊಳ್ಳಬೇಡಿ. ಸೂಚ್ಯಂಕ ಬಿದ್ದಾಗ ಸಾಮಾನ್ಯವಾಗಿ ಐವಿ ಏರುತ್ತದೆ, ಏರಿದಾಗ ಇಳಿಯುತ್ತದೆ. 2024ರ ಜೂನ್ 4ರಂದು, ಲೋಕಸಭೆ ಫಲಿತಾಂಶದ ದಿನ, ನಿಫ್ಟಿ ಹತ್ತಿರ ಹತ್ತಿರ ಶೇ 6 ಕುಸಿದು 21,884ಕ್ಕೆ ಮುಗಿಯಿತು. ವಿಕ್ಸ್ 26 ದಾಟಿತ್ತು. ಮರುದಿನ ನಿಫ್ಟಿ ಶೇ 3ಕ್ಕಿಂತ ಜಾಸ್ತಿ ಏರಿತು, ವಿಕ್ಸ್ 19ರ ಹತ್ತಿರಕ್ಕೆ ಇಳಿಯಿತು. ಜೂನ್ 4ರ ಸಂಜೆ ಹೆದರಿ ಪುಟ್ ಕೊಂಡವರಿಗೆ ಮರುದಿನ ಡೆಲ್ಟಾ, ವೇಗಾ, ಥೀಟಾ ಮೂರೂ ಕಡೆಯಿಂದ ಏಟು. ಕಾಲ್ ಕೊಂಡವರಿಗೂ ನಿಫ್ಟಿ ಕೊಟ್ಟದ್ದರಲ್ಲಿ ಒಂದು ಪಾಲನ್ನು ವೇಗಾ ಕಿತ್ತುಕೊಂಡಿತು. ಹಾಗಾಗಿ ಕಾಲ್‌ಗೆ ಲೆಕ್ಕ ಹಾಕುವಾಗ "ನಿಫ್ಟಿ ಏರುತ್ತದೆ, ಐವಿಯೂ ಹಾಗೇ ಇರುತ್ತದೆ" ಅನ್ನುವ ಸಾಲು ಬರೆಯುವ ಮೊದಲು ಒಮ್ಮೆ ಯೋಚಿಸಿ.

ಈ ಲೆಕ್ಕ ಎಲ್ಲಿ ಕೈ ಕೊಡುತ್ತದೆ

ದೂರದ ಸ್ಟ್ರೈಕ್‌ಗಳಲ್ಲಿ. ಭಾವನಿಗೆ ಅಗ್ಗದ ಕಾಲ್ ಅಂದರೆ ಬಲು ಇಷ್ಟ, ಹಾಗಾಗಿ 24,600 ಕಾಲ್ ಒಂದನ್ನೂ ಲೆಕ್ಕ ಹಾಕಿಸಿದರು. ಅದೇ ಸೋಮವಾರ, ಅದೇ ಐವಿ 18ರಲ್ಲಿ ಅದರ ಪ್ರೀಮಿಯಂ 83, ವೇಗಾ 11.4, ಥೀಟಾ 10.2. ಸುಲಭದ ಲೆಕ್ಕ: ಮೂರು ದಿನಕ್ಕೆ 31, ಐದು ಪಾಯಿಂಟ್ ಐವಿಗೆ 57. ಒಟ್ಟು 88. ಅಂದರೆ ಪ್ರೀಮಿಯಂ ಮೈನಸ್ 5! ಆಪ್ಶನ್‌ನ ಬೆಲೆ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ, ಅಲ್ವಾ? ನಿಫ್ಟಿ ಅಲುಗದೆ ಇದ್ದಾಗ ಪೂರ್ತಿ ಸೂತ್ರದ ಉತ್ತರ 17.

ಕಾರಣ ಇಷ್ಟೆ. ನಿಫ್ಟಿ ಮಟ್ಟದ ಸ್ಟ್ರೈಕ್‌ನಲ್ಲಿ ಐವಿ ಇಳಿದರೂ ವೇಗಾ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ದೂರದ ಸ್ಟ್ರೈಕ್‌ನಲ್ಲಿ ಐವಿ ಇಳಿದ ಹಾಗೆ ವೇಗಾವೂ ಕುಸಿಯುತ್ತದೆ, ಥೀಟಾವೂ. ಮೊದಲ ಪಾಯಿಂಟ್ ಕಿತ್ತುಕೊಂಡಷ್ಟು ಐದನೆಯ ಪಾಯಿಂಟ್ ಕಿತ್ತುಕೊಳ್ಳುವುದಿಲ್ಲ. ದಿನಗಳ ವರ್ಗಮೂಲದ ನಿಯಮವೂ ಅಲ್ಲಿ ನಡೆಯುವುದಿಲ್ಲ. ಅಂಥ ಸ್ಟ್ರೈಕ್‌ಗೆ ಹಂತ 4ರ ಮೂರು ಸಾಲು ಬಿಟ್ಟು, ಆಪ್ಶನ್ ಕ್ಯಾಲ್ಕ್ಯುಲೇಟರ್‌ಗೆ 7 ದಿನ, ಐವಿ 13 ಅಂತ ನೇರವಾಗಿ ಕೊಟ್ಟು ಬೆಲೆ ಕೇಳುವುದೇ ಸರಿ. ನಷ್ಟ 88 ಅಲ್ಲ, 66 ಎಂಬುದೇನೂ ಸಮಾಧಾನದ ಮಾತಲ್ಲ. 83ರಲ್ಲಿ ಐದನೇ ನಾಲ್ಕು ಪಾಲು ಹೋಯಿತು. ನಿಫ್ಟಿ ಮಟ್ಟದ ಕಾಲ್‌ನಲ್ಲಿ ಅದೇ ಕಾರಣಕ್ಕೆ ಹೋದದ್ದು ಐದನೇ ಎರಡು ಪಾಲು.

ಎಕ್ಸ್‌ಪೈರಿಯ ಹಿಂದಿನ ದಿನ ಮತ್ತು ಆ ದಿನ ಕೂಡ ಈ ಹಾಳೆಯನ್ನು ಮಡಚಿಡಿ. ಅಲ್ಲಿ ಥೀಟಾ ಉಳಿದಿರುವ ಪ್ರೀಮಿಯಂಗಿಂತಲೂ ದೊಡ್ಡದಾಗಿ ಕಾಣಬಹುದು, ನಿಫ್ಟಿ 50 ಪಾಯಿಂಟ್ ಆಚೀಚೆ ಹೋದರೆ ಎಲ್ಲಾ ಸಂಖ್ಯೆಗಳೂ ತಲೆಕೆಳಗಾಗುತ್ತವೆ.

ಹಂತ 7: ಮುಗಿದ ಮೇಲೆ ತಾಳೆ ನೋಡಿ

ಗುರುವಾರ ಸಂಜೆ ಹಾಳೆಯನ್ನು ಮತ್ತೆ ತೆಗೆದು ಅಂದಾಜಿನ ಪಕ್ಕ ನಿಜದ ಸಂಖ್ಯೆ ಬರೆಯಿರಿ: ದಿನಕ್ಕೆ −47, ಐವಿಗೆ −66, ನಿಫ್ಟಿಗೆ +67. ಕೂಡಿದರೆ −46. ನಿಜವಾದ ಬದಲಾವಣೆಗೂ ಇದಕ್ಕೂ ನಾಲ್ಕೈದು ಪಾಯಿಂಟ್ ವ್ಯತ್ಯಾಸ ಇದ್ದರೆ ಬಿಟ್ಟುಬಿಡಿ, ಕೊಳ್ಳುವ ಮಾರುವ ಬೆಲೆಗಳ ನಡುವಿನ ಅಂತರವೇ ಅಷ್ಟಿರುತ್ತದೆ. ಹದಿನೈದು ಇಪ್ಪತ್ತು ಇದ್ದರೆ ಮೊದಲು ಅನುಮಾನಿಸಬೇಕಾದದ್ದು IV ಕಾಲಮ್. ಅದು ಕೊನೆಯ ವಹಿವಾಟಿನ ಬೆಲೆಯಿಂದ ಬಂದಿದ್ದರೆ, ಆ ವಹಿವಾಟು ಹತ್ತು ನಿಮಿಷ ಹಿಂದಿನದಾಗಿದ್ದರೆ, ನಿಫ್ಟಿ ಮುಂದೆ ಹೋಗಿರುತ್ತದೆ, ಬೆಲೆ ಹಿಂದೆಯೇ ಉಳಿದಿರುತ್ತದೆ, ಐವಿ ಸುಳ್ಳು ಹೇಳುತ್ತದೆ. ಕೊಳ್ಳುವ, ಮಾರುವ ಬೆಲೆಗಳ ನಡುಮಟ್ಟ ಹಿಡಿದು ಐವಿ ಮತ್ತೆ ತೆಗೆಯಿರಿ.

ಎರಡನೆಯ ಅನುಮಾನ ನಿಫ್ಟಿಯ ಮೇಲೆ. ಆಪ್ಶನ್‌ಗಳು ನೋಡುವುದು ಸ್ಪಾಟ್ ಬೆಲೆಯನ್ನಲ್ಲ, ಅದೇ ಎಕ್ಸ್‌ಪೈರಿಯ ಫ್ಯೂಚರ್ ಮಟ್ಟವನ್ನು. ಸ್ಪಾಟ್ 120 ಏರಿ ಫ್ಯೂಚರ್ 95 ಮಾತ್ರ ಏರಿದ್ದರೆ ಕಾಲ್‌ಗೆ ಸಿಗುವುದು 95ರ ಲೆಕ್ಕ. ವಾರದ ಎಕ್ಸ್‌ಪೈರಿಗೆ ಫ್ಯೂಚರ್ ಇಲ್ಲದಿದ್ದರೆ, ಒಂದೇ ಸ್ಟ್ರೈಕ್‌ನ ಕಾಲ್‌ನಿಂದ ಪುಟ್‌ನ ಬೆಲೆ ಕಳೆದು ಸ್ಟ್ರೈಕ್‌ಗೆ ಸೇರಿಸಿ. ಆ ಮಟ್ಟ ಸಿಗುತ್ತದೆ.

ಭಾವ ಶುಕ್ರವಾರ ಬೆಳಗ್ಗೆ ಆ ಕಾಲ್ ಮಾರಿದರು. ಮಾರುವ ಮೊದಲು ಫೋನ್ ಮಾಡಿ ಕೇಳಿದ್ದು ಒಂದೇ: "ಈಗ ಐವಿ 13, ಬಾಕಿ 7 ದಿನ ಅಂದ್ರೆ ಒಂದು ದಿನ ಇಟ್ಕೊಂಡ್ರೆ 0.93 ಐವಿ ಹೋದ ಹಾಗೆ. ಸರಿ ತಾನೆ?"

ಸರಿಯಾಗಿಯೇ ಇತ್ತು.